ಕೊನೆಯ ಸ್ಲೈಡಿನಲ್ಲಿ ನಾನು ಕೇಳಿದ್ದು, ಗಿರಾಕಿಗೆ ಬೇಕಿದ್ದು

ಮೈಸೂರಿನಲ್ಲಿ ನಮ್ಮದು ಆರು ಜನರ ಸೋಷಿಯಲ್ ಮೀಡಿಯಾ ಏಜೆನ್ಸಿ. ಕಳೆದ ಡಿಸೆಂಬರಿನಲ್ಲಿ ಮಂಡ್ಯ ಕಡೆಯ ಒಂದು ಆಲೆಮನೆಯ ಇನ್‌ಸ್ಟಾಗ್ರಾಮ್ ಪೇಜು ನನ್ನ ಕೈಗೆ ಬಂತು. ಅಣ್ಣ ತಮ್ಮ ಇಬ್ಬರೇ ನಡೆಸೋದು. ಅವರು ಕೇಳಿದ್ದು ಒಂದೇ: "ಮೈಸೂರಿನ ಮನೆಯವ್ರಿಗೆ ನಮ್ಮ ಬೆಲ್ಲ ಗೊತ್ತಾಗ್ಬೇಕು ಮೇಡಂ, ಸಂಕ್ರಾಂತಿಗೆ ಮೊದ್ಲು." ಈ ಮಾತನ್ನು ಬ್ರೀಫ್‌ನಲ್ಲಿ ನಾನೇ ಬರೆದುಕೊಂಡಿದ್ದೆ.

ಪಕ್ಕಕ್ಕೆ ಸರಿಸಿ ನೋಡೋ ಕ್ಯಾರೊಸೆಲ್ ಪೋಸ್ಟ್ ಚೆನ್ನಾಗಿಯೇ ಬಂತು. ಎಂಟು ಸ್ಲೈಡು, ಬೆಲ್ಲ ಕೊಳ್ಳುವಾಗ ಏನು ನೋಡಬೇಕು ಅಂತ. ತೀರಾ ಹಳದಿಯಾಗಿ ಹೊಳೆಯುವ ಅಚ್ಚಿಗೆ ಹೈಡ್ರೋಸ್ ಅನ್ನೋ ಬಣ್ಣ ತಿಳಿಯಾಗಿಸೋ ರಾಸಾಯನಿಕ ಹಾಕಿರಬಹುದು. ಬೆಂಡೆಗಿಡದ ಲೋಳೆಯಲ್ಲಿ ಕೊಳೆ ತೆಗೆದದ್ದು ಸಾಮಾನ್ಯವಾಗಿ ಕಂದಾಗಿರುತ್ತೆ. ಕೊನೆಯ ಸ್ಲೈಡಿಗೆ ನಮ್ಮ ಮ್ಯಾನೇಜರ್ ಟೆಂಪ್ಲೇಟ್ ಇದೆ: ಲೈಕ್, ಸೇವ್, ಶೇರ್, ಫಾಲೋ, ನಾಲ್ಕು ಐಕಾನ್ ಸಾಲಾಗಿ. ನಾಲ್ಕನ್ನೂ ಒಟ್ಟಿಗೆ ಕೇಳಿದರೆ ಜನ ಒಂದನ್ನೂ ಮಾಡದೆ ಮುಂದೆ ಹೋಗ್ತಾರೆ ಅಂತ ವಾದ ಮಾಡಿ ಅದನ್ನು ತೆಗೆಸಿದೆ. ಅಲ್ಲಿವರೆಗೆ ಸರಿ. ಆ ಜಾಗದಲ್ಲಿ ಹಾಕಿದ್ದು: "ಕಾಮೆಂಟಿನಲ್ಲಿ ಬೆಲ್ಲ ಅಂತ ಬರೆಯಿರಿ, ದರ ಕಳಿಸುತ್ತೇವೆ."

ಗುರುವಾರ ಸಂಜೆ ಆರಕ್ಕೆ ಪೋಸ್ಟ್ ಹೋಯ್ತು. ಒಂಬತ್ತರ ಹೊತ್ತಿಗೆ 140 ಕಾಮೆಂಟ್. ನಾನು ಸ್ಕ್ರೀನ್‌ಶಾಟ್ ತೆಗೆದು ಖುಷಿಯಲ್ಲಿ ಅಣ್ಣನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಮೇಡಂ, ಇಷ್ಟು ಜನ ಕೇಳವ್ರೆ, ಒಬ್ರಿಗೂ ದರ ಹೋಗಿಲ್ವಲ್ಲ. ನಾವು ಕೊಪ್ಪರಿಗೆ ಮುಂದೆ ನಿಂತಿದೀವಿ, ಯಾರು ಕಳಿಸೋರು?"

ಆಟೊ ರಿಪ್ಲೈ ಟೂಲಿಗೆ ದುಡ್ಡು ಕೊಡೋಕೆ ಆಫೀಸು ಒಪ್ಪಿರಲಿಲ್ಲ. ಯಾರು ಉತ್ತರ ಕೊಡ್ತಾರೆ ಅನ್ನೋ ಪ್ರಶ್ನೆಯನ್ನು ನಾನೂ ಕೇಳಿಕೊಂಡಿರಲಿಲ್ಲ. ಇಂಟರ್ನ್ ಹುಡುಗಿ, ನಾನು ಇಬ್ಬರೂ ಪೇಜಿಗೆ ಲಾಗಿನ್ ಆಗಿ ಒಂದೇ ದರಪಟ್ಟಿಯನ್ನು ಒಬ್ಬೊಬ್ಬರಿಗೇ ಪೇಸ್ಟ್ ಮಾಡೋಕೆ ಕೂತೆವು. ನಲವತ್ತು ಚಿಲ್ಲರೆ ಹೋಗುವಷ್ಟರಲ್ಲಿ Try Again Later ಅಂತ ಬಂತು. ಒಂದೇ ಮೆಸೇಜನ್ನು ಬೇಗ ಬೇಗ ಕಳಿಸಿದರೆ ಇನ್‌ಸ್ಟಾಗ್ರಾಮ್ ಅದನ್ನು ಸ್ಪ್ಯಾಮ್ ಅಂದುಕೊಂಡು ತಡೆಯುತ್ತೆ. ಮೆಸೇಜು ಹೋಗ್ತಿಲ್ಲ, ಕಾಮೆಂಟು ನಿಲ್ತಿಲ್ಲ. "ಅಕ್ಕ, ಇನ್ನೂ ಬರ್ತಾನೇ ಇದೆ" ಅಂತ ಅವಳು ಅನ್ನುವಾಗಲೆಲ್ಲ ಹೊಟ್ಟೆಯಲ್ಲಿ ಹಿಂಡಿದ ಹಾಗಾಗುತ್ತಿತ್ತು. ಉಳಿದವರಿಗೆ ಉತ್ತರ ಹೋಗಿದ್ದು ಶನಿವಾರ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಸೋಮವಾರ ಪೋಸ್ಟಿನ ಅಂಕಿ ಅಂಶ ತೋರಿಸೋ ಇನ್‌ಸೈಟ್ಸ್ ತೆರೆದಾಗ. ಪೋಸ್ಟ್ ನೋಡಿದವರಲ್ಲಿ ಹೆಚ್ಚಿನವರು ಆಗಲೇ ಫಾಲೋ ಮಾಡುತ್ತಿದ್ದವರು. ಕಾಮೆಂಟ್ ಮಾಡಿದವರ ಪ್ರೊಫೈಲುಗಳನ್ನು ಒಂದೊಂದಾಗಿ ನೋಡಿದೆ: ಅಕ್ಕಪಕ್ಕದ ಆಲೆಮನೆಯವರು, ಮಂಡಿ ವ್ಯಾಪಾರಿಗಳು, ಊರಿನ ಹುಡುಗರು. ಅವರಿಗೆ ಬೇಕಿದ್ದದ್ದು ಕ್ವಿಂಟಾಲ್ ರೇಟು. ಮೈಸೂರಿನ ಮನೆಗಳು ಆ ಪಟ್ಟಿಯಲ್ಲಿ ತೀರಾ ಕಡಿಮೆ.

ಕಾಮೆಂಟ್ ಕೇಳಬೇಕಾದ್ದು ಮಾತು ಶುರುವಾಗಬೇಕಾದಾಗ, ಅದೂ ಉತ್ತರಿಸೋಕೆ ಆಳು ಇದ್ದಾಗ. ನಮಗೆ ಬೇಕಿದ್ದದ್ದು ಪೇಜಿನ ಹೆಸರೇ ಕೇಳದವರ ಫೋನಿಗೆ ತಲುಪೋದು, ಅದಕ್ಕೆ ಒಬ್ಬರು ಇನ್ನೊಬ್ಬರಿಗೆ ಕಳಿಸಬೇಕು. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸ್ಸೆರಿ 2025ರ ಆರಂಭದಲ್ಲಿ ಇದನ್ನೇ ಹೇಳಿದ್ದರು: ಫಾಲೋ ಮಾಡದವರಿಗೆ ತಲುಪೋದರಲ್ಲಿ ಲೈಕಿಗಿಂತ ಡಿಎಂನಲ್ಲಿ ಕಳಿಸೋದಕ್ಕೆ ತೂಕ ಹೆಚ್ಚು. ಅದನ್ನು ಓದಿಯೂ ನಾನು ಎಣಿಸೋಕೆ ಸುಲಭವಾದದ್ದನ್ನು ಆರಿಸಿದ್ದೆ.

ಹಾಕಿದ ಪೋಸ್ಟಿನಲ್ಲಿ ಸ್ಲೈಡು ಬದಲಿಸೋಕೆ ಆಗಲ್ಲ. ಜನವರಿ ಮೊದಲ ವಾರ ಮತ್ತೆ ಹೊಸದಾಗಿ ಹಾಕಿದೆ. ಮೊದಲ ಏಳು ಸ್ಲೈಡು ಹಾಗೇ ಇಟ್ಟು ಎಂಟನೆಯದನ್ನು, ಕ್ಯಾಪ್ಶನ್‌ನ ಕೊನೇ ಸಾಲನ್ನು ಮಾತ್ರ ಬದಲಿಸಿದೆ: "ನಿಮ್ಮ ಮನೆಯಲ್ಲಿ ಎಳ್ಳು ಬೆಲ್ಲಕ್ಕೆ ಬೆಲ್ಲ ತರೋರು ಯಾರು? ಅವರಿಗೆ ಇದನ್ನು ಕಳಿಸಿ." ಬರೀ "ಶೇರ್ ಮಾಡಿ" ಅಂದರೆ ಯಾರಿಗೆ ಅಂತ ಹೊಳೆಯಲ್ಲ; ಹೀಗಂದರೆ ಅಮ್ಮನೋ ಅತ್ತಿಗೆಯೋ ತಕ್ಷಣ ನೆನಪಾಗ್ತಾರೆ. ಸೇವ್ ಕೇಳೋಣವಾ ಅಂತಲೂ ಯೋಚಿಸಿದೆ, ಅಂಗಡಿಯಲ್ಲಿ ನಿಂತು ತೆರೆದು ನೋಡೋ ವಿಷಯವೇ ಅದು. ಆದರೆ ಸೇವ್ ಮಾಡಿದ್ದು ಅವರ ಫೋನಿನಲ್ಲೇ ಉಳಿಯುತ್ತೆ, ಹೊಸಬರನ್ನು ಕರೆತರಲ್ಲ. ಫಾಲೋ ಕೇಳೋಕೆ ಮುಂದಿನ ಕಂತು ಅಂತ ತೋರಿಸೋಕೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಕಾಮೆಂಟ್ ಹನ್ನೊಂದಕ್ಕಿಳಿಯಿತು. "ಇದು ಓಡ್ಲಿಲ್ವಲ್ಲಮ್ಮ" ಅಂದರು ಮ್ಯಾನೇಜರ್. ಶೇರ್ ಹೋದ ಸಲಕ್ಕಿಂತ ಬಹಳ ಹೆಚ್ಚಿತ್ತು, ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫಾಲೋ ಮಾಡದವರು. ಹಬ್ಬ ಹತ್ತಿರ ಬಂದದ್ದೂ ಕಾರಣ, ಎಲ್ಲವನ್ನೂ ಒಂದು ಸ್ಲೈಡಿನ ಲೆಕ್ಕಕ್ಕೆ ಬರೆಯಲಾರೆ. ಆರ್ಡರ್ ತೆಗೆದುಕೊಳ್ಳುವ ತಮ್ಮನಿಗೆ, ಎಲ್ಲಿ ನೋಡಿದಿರಿ ಅಂತ ಪ್ರತಿಯೊಬ್ಬರನ್ನೂ ಕೇಳಿ ಬರೆದಿಡೋಕೆ ಹೇಳಿದ್ದೆ. ಹಬ್ಬದ ಹಿಂದಿನ ದಿನ ಅವನು ನೋಟ್‌ಬುಕ್ಕಿನ ಫೋಟೊ ಕಳಿಸಿದ. ಕುವೆಂಪುನಗರ, ಎರಡು ಕೆಜಿ, ಮಗಳು ಕಳಿಸಿದ್ದು. ಸರಸ್ವತಿಪುರಂ, ಐದು ಕೆಜಿ, ನಾದಿನಿ ಕಳಿಸಿದ್ದು.