ನೆಟ್ಟಗ ನಿಂದರ್ರಿ ಅಂದಿದ್ದೇ ತಪ್ಪಾಯ್ತು

ಗುಳೇದಗುಡ್ಡದಿಂದ ಬಂದಿದ್ದ ಆ ಕಾಕು ಪಿಶವಿಯಿಂದ ಖಣ ತೆಗೆದು ನನ್ನ ಮೇಜಿನ ಮೇಲೆ ಹರವಿದಾಗ ಅಂಗಡಿಯಲ್ಲಿದ್ದ ಇಬ್ಬರು ಹುಡುಗಿಯರು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಿದರು. ಕಡುನೀಲಿ ಒಡಲು, ಕೆಂಪು ಅಂಚು. ತಾವೇ ನೇಯ್ದದ್ದು. ಮೂವತ್ತು ವರ್ಷದಿಂದ ಕುಣಿಮಗ್ಗದಲ್ಲಿ ಕೂತವರು ಅವರು. ಮಗಳ ಕುಬಸದ ಕಾರ್ಯಕ್ಕೆ ತಮ್ಮ ಕೈಯಿಂದಲೇ ಆದ ಖಣದ ಜಂಪರ್ ಹಾಕಿಕೊಳ್ಳಬೇಕೆಂಬ ಆಸೆ. ಅದಕ್ಕೇ ಬಾಗಲಕೋಟೆಯ ನವನಗರದ ನನ್ನ ಅಂಗಡಿವರೆಗೆ ಬಸ್ಸು ಹತ್ತಿ ಬಂದಿದ್ದರು.

ಖಣದ ಪನ್ನಾ ಸಣ್ಣದು, ಬಟ್ಟೆಯ ಅಗಲ ಕಡಿಮೆ. ಬೇರೆ ಬಟ್ಟೆಯಂತೆ ಪಕ್ಕಕ್ಕೆ ಎರಡು ಇಂಚು ಹೆಚ್ಚಿಗೆ ಬಿಡೋಣ, ಆಮೇಲೆ ಬಿಚ್ಚಿ ಸರಿ ಮಾಡೋಣ ಎಂಬ ಮಾತು ಅದರಲ್ಲಿ ನಡೆಯುವುದಿಲ್ಲ. ಅದು ಗೊತ್ತಿದ್ದೇ ನಾನು ಅಳತೆಗೆ ಬಹಳ ಎಚ್ಚರ ವಹಿಸಿದೆ. ಆ ಎಚ್ಚರವೇ ಮುಳುವಾಯಿತು. ‘ಕಾಕೂ, ಸ್ವಲ್ಪ ನೆಟ್ಟಗ ನಿಂದರ್ರಿ’ ಅಂದೆ. ಅವರು ಎದೆ ಸೆಟೆಸಿ, ಭುಜ ಹಿಂದಕ್ಕೆ ಎಳೆದು, ಉಸಿರು ಹಿಡಿದು ನಿಂತರು. ಕುತ್ತಿಗೆಯ ಎಲುಬಿನಿಂದ ನಡುವಿನವರೆಗೆ ಬೆನ್ನುದ್ದ 14½ ಇಂಚು ಬಂತು. ಮುಂದೆ, ಕುತ್ತಿಗೆಯ ಮಗ್ಗುಲಿನಿಂದ ಎದೆಯ ಮೇಲೆ ಹಾಯಿಸಿ ನಡುವಿನವರೆಗೆ 16. ಎದೆ ಸುತ್ತಳತೆ 36. ಬರೆದುಕೊಂಡೆ, ಕತ್ತರಿಸಿದೆ, ಹೊಲಿದೆ.

ಎಂಟು ದಿನದ ಮೇಲೆ ಹಾಕಿಕೊಂಡು ನೋಡಿದರೆ ಜಂಪರ್ ಅವರದ್ದಲ್ಲವೇನೋ ಅನ್ನುವಂತಿತ್ತು. ಹಿಂದಿನ ಅಂಚು ಮೇಲಕ್ಕೆ ಏರಿ ಬೆನ್ನು ಕಾಣುತ್ತಿತ್ತು. ಮುಂದೆ ಗಂಟಲ ಕೆಳಗೆ ಬಟ್ಟೆ ಅಡ್ಡಡ್ಡ ಮಡಿಕೆ ಬಿದ್ದು ಕೂತಿತ್ತು. ಪಾಪ, ಅವರು ಹಿಂದೆ ಕೈ ಹಾಕಿ ಅಂಚು ಕೆಳಗೆ ಎಳೆಯುವುದು, ಎರಡು ಹೆಜ್ಜೆ ನಡೆದರೆ ಅದು ಮತ್ತೆ ಏರುವುದು. ಎದೆ ಸುತ್ತಳತೆ ಮಾತ್ರ ಟೇಪಿಗೆ ಸರಿಯಾಗೇ ಇತ್ತು. ‘ಇರಲಿ ಬಿಡವ್ವಾ, ಸೆರಗು ಹೊದ್ದರ ಯಾರಿಗಿ ಕಾಣ್ತೈತಿ?’ ಅಂದರು. ನನಗೆ ಹೊಟ್ಟೆ ಕಿವುಚಿದಂತಾಯಿತು.

ನಾನು ಹೊಲಿಗೆ ಕಲಿತ ಮಾಸ್ತರ್ ಮನೆಗೆ ಆ ಸಂಜೆಯೇ ಜಂಪರ್ ಹಿಡಿದು ಹೋದೆ. ಅವರು ಬಟ್ಟೆ ನೋಡಲೇ ಇಲ್ಲ. ‘ಆಕಿ ಬಾಗಿಲಾಗ ಹೆಂಗ ನಿಂತಿದ್ಲು ಹೇಳು’ ಅಂದರು. ನೆನಪಿಸಿಕೊಂಡೆ: ತಲೆ ಮುಂದೆ, ಭುಜ ಮುಂದೆ, ಮೇಲ್ಬೆನ್ನು ದುಂಡಗೆ. ಮಗ್ಗದ ಮೇಲೆ ಬಾಗಿ ಬಾಗಿ ಬಂದ ಮೈಕಟ್ಟು. ‘ಮತ್ತ ನೀ ಅಳತಿ ತೊಗೊಂಡಿದ್ದು ಯಾರದು?’

ಬೆನ್ನು ದುಂಡಗಾದಾಗ ಹಿಂದಿನ ಉದ್ದ ಹೆಚ್ಚುತ್ತದೆ, ಮುಂದಿನದು ಕುಗ್ಗುತ್ತದೆ. ಬಟ್ಟೆ ಆ ಉಬ್ಬಿನ ಮೇಲೆ ಹತ್ತಿ ಇಳಿಯಬೇಕಲ್ಲ! ಹಿಂದೆ ಸಾಲದ ಬಟ್ಟೆ ಕೆಳಗಿನ ಅಂಚನ್ನು ಮೇಲಕ್ಕೆ ಎಳೆಯುತ್ತದೆ; ಮುಂದೆ ಉಳಿದ ಬಟ್ಟೆ ಮಡಿಕೆಯಾಗಿ ನಿಲ್ಲುತ್ತದೆ. ಪಕ್ಕದ ಹೊಲಿಗೆ ಎಷ್ಟು ಬಿಗಿ ಮಾಡಿದರೂ ಸಡಿಲ ಮಾಡಿದರೂ ಇದು ಹೋಗದು. ಬಹಳ ಟೇಲರ್‌ಗಳು ಇಲ್ಲೇ ಎಡವುತ್ತಾರೆ: ಮಡಿಕೆ ಕಂಡ ಕೂಡಲೇ ಪಕ್ಕ ಬಿಚ್ಚುತ್ತಾರೆ.

ಕಾಕುಗೆ ಫೋನ್ ಮಾಡಿ ಇದ್ದದ್ದು ಇದ್ದಂಗೆ ಹೇಳಿದೆ, ತಪ್ಪು ನನ್ನದು, ಖಣದ ದುಡ್ಡು ಕೊಡುತ್ತೇನೆ ಅಂದೆ. ದುಡ್ಡು ಬೇಡವೆಂದರು, ಇನ್ನೊಂದು ನೇಯ್ದು ತಂದರು.

ಎರಡನೆಯ ಸಲ ಬಂದಾಗ ಟೇಪ್ ಮುಟ್ಟುವ ಮೊದಲು ಚಹಾ ಕೊಟ್ಟು ಮಾತಿಗೆ ಕೂರಿಸಿದೆ. ಆಮೇಲೆ ಬಾಗಿಲವರೆಗೆ ನಡೆದು ಬರಲು ಹೇಳಿದೆ, ಬಂದು ನಿಂತ ಹಾಗೆಯೇ ಬಿಟ್ಟೆ. ಮಗ್ಗುಲಿನಿಂದ ನೋಡಿದರೆ ಕಿವಿಯ ತುದಿ ಭುಜದ ನೇರಕ್ಕಿರಲಿಲ್ಲ, ಎರಡು ಬೆರಳು ಮುಂದಿತ್ತು. ಅಷ್ಟು ಕಂಡರೆ ಸಾಕು, ಹಿಂದು ಮುಂದು ಬೇರೆ ಬೇರೆ ಅಳೆಯಲೇಬೇಕು ಎಂದು ಗೊತ್ತಾಗುತ್ತದೆ.

ನಡುವಿಗೆ ಒಂದು ತೆಳು ಲಾಡಿ ಕಟ್ಟಿ, ಆ ಕಡೆ ಈ ಕಡೆ ಬಾಗಲು ಹೇಳಿದೆ. ಲಾಡಿ ತಾನಾಗಿ ಎಲ್ಲಿ ನಿಂತಿತೋ ಅದೇ ನಡು. ಸೀರೆಯ ನೆರಿಗೆ ಸಿಕ್ಕಿಸಿದ ಜಾಗವನ್ನು ನಡು ಎಂದುಕೊಂಡರೆ ಅಳತೆ ಅಲ್ಲೇ ಕೆಡುತ್ತದೆ. ಕುತ್ತಿಗೆಯ ಎಲುಬು ಸಿಗಬೇಕಾದರೆ ತಲೆ ಬಗ್ಗಿಸಬೇಕು. ಬಗ್ಗಿಸಿದಾಗ ಬುಡದಲ್ಲಿ ಒಂದು ಗಂಟು ಎದ್ದು ಬೆರಳಿಗೆ ಸಿಗುತ್ತದೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ತಲೆ ಎತ್ತಿಸಿ, ಆಮೇಲೆ ಟೇಪ್ ಇಡಬೇಕು. ತಲೆ ಬಗ್ಗಿದಾಗಲೇ ಅಳೆದರೆ ಬೆನ್ನುದ್ದ ಸುಳ್ಳು ಹೆಚ್ಚಾಗುತ್ತದೆ. ಅಳತೆ ಕೊಡುವವರಿಗೆ ಟೇಪ್‌ನಲ್ಲಿ ಎಷ್ಟು ಬಂತು ಎಂದು ನೋಡುವ ಕುತೂಹಲ ಇದ್ದೇ ಇರುತ್ತದೆ, ಹಾಗೆ ನೋಡಲು ಬಗ್ಗಿದರೂ ಅದೇ ಗತಿ. ಅದಕ್ಕೆ ಕಾಕುನ ಕಣ್ಣು ಗೋಡೆಯ ಕ್ಯಾಲೆಂಡರ್ ಮೇಲಿರುವಂತೆ ನಿಲ್ಲಿಸಿ, ಮಗಳ ಸುದ್ದಿ ಕೇಳುತ್ತ ಅಳೆದೆ.

ಬೆನ್ನುದ್ದ 15¼ ಬಂತು. ಮುಂದೆ 15½. ಅಂದರೆ ಹಿಂದೆ ಮುಕ್ಕಾಲು ಇಂಚು ಕಡಿಮೆ ಕೊಟ್ಟಿದ್ದೆ, ಮುಂದೆ ಅರ್ಧ ಇಂಚು ಹೆಚ್ಚು ಇಟ್ಟಿದ್ದೆ.

ಎದೆ ಸುತ್ತಳತೆ ಈಗಲೂ 36. ಆದರೆ ಈ ಸಲ ಎರಡೂ ಬಗಲಿನ ನಡುಮಧ್ಯದಿಂದ ಕೆಳಕ್ಕೆ ಗೆರೆ ಇದೆ ಎಂದು ಭಾವಿಸಿ ಮುಂದಿನ ಪಾಲು, ಹಿಂದಿನ ಪಾಲು ಬೇರೆ ಅಳೆದೆ. ಎರಡೂ 18. ನಾನು ರೂಢಿಯಂತೆ ಮುಂದೆ 19, ಹಿಂದೆ 17 ಎಂದು ಕತ್ತರಿಸಿದ್ದೆ. 36 ಎಂಬ ಒಂದೇ ಅಂಕಿ ಈ ಗುಟ್ಟನ್ನು ಹೇಳುವುದೇ ಇಲ್ಲ. ಟೇಪ್ ಬೆನ್ನ ಹಿಂದೆ ಜಾರಿದೆಯೋ ಎಂದು ಕನ್ನಡಿಯಲ್ಲಿ ನೋಡಿಕೊಂಡೆ. ಟೇಪ್ ಒಳಗೆ ಬೆರಳು ಇಡಲಿಲ್ಲ. ಲೂಸ್ ಕೊಡುವುದು ಕತ್ತರಿಸುವಾಗ. ಅಳೆಯುವಾಗಲೂ ಕೊಟ್ಟರೆ ಜಂಪರ್ ಚೀಲವಾಗುತ್ತದೆ.

ಅವರು ಪಿಶವಿಯಲ್ಲಿ ಹಳೆ ಜಂಪರೊಂದನ್ನೂ ತಂದಿದ್ದರು, ಅಳತೆಗೆ ಅಂತ. ಅದರ ಬೆನ್ನಿನಂಚು ನೋಡಿದೆ, ಎಳೆದು ಎಳೆದು ಜಗ್ಗಿಹೋಗಿತ್ತು. ಅದರ ಮೇಲೆ ಅಳೆದಿದ್ದರೆ ಹಳೆಯ ಟೇಲರ್ ಮಾಡಿದ ತಪ್ಪನ್ನು ನಾನು ಮತ್ತೊಮ್ಮೆ ಹೊಲಿಯುತ್ತಿದ್ದೆ.

ಕಾಗದದ ಮೇಲೆ ಮೊದಲ ಸಲದ ಉದ್ದಕ್ಕೇ ಹಿಂಭಾಗ, ಮುಂಭಾಗ ಬರೆದು, ಹಿಂಭಾಗವನ್ನು ಬೆನ್ನೆಲುಬಿನ ಮಧ್ಯದಿಂದ ಬಗಲಿನ ಕೊರೆತದವರೆಗೆ, ರೆಕ್ಕೆಯೆಲುಬಿನ ಮಟ್ಟದಲ್ಲಿ ಅಡ್ಡ ಸೀಳಿದೆ. ಮಧ್ಯದಲ್ಲಿ ಮುಕ್ಕಾಲು ಇಂಚು ತೆರೆದು, ಬಗಲಿನ ತುದಿಯಲ್ಲಿ ಸೊನ್ನೆಗೆ ತಂದೆ. ಹಾಗೆ ತೆರೆದಾಗ ಬೆನ್ನಿನ ಮಧ್ಯದ ಗೆರೆ ಸೊಟ್ಟಗಾಗುತ್ತದೆ. ಖಣವನ್ನು ಮಡಿಕೆಯ ಮೇಲೆ ಇಡಬೇಕಾದ್ದರಿಂದ ಅದನ್ನು ನೇರ ಮಾಡಿಕೊಂಡೆ. ಅದರಿಂದ ಕುತ್ತಿಗೆ ಅಗಲವಾದಷ್ಟನ್ನು ಹಿಂದಿನ ಕುತ್ತಿಗೆಯಲ್ಲಿ ಎರಡು ಸಣ್ಣ ಟಕ್ಸ್ ಹಿಡಿದು ತೆಗೆದೆ. ಮುಂಭಾಗದಲ್ಲಿ ಕುತ್ತಿಗೆಗೂ ಎದೆಗೂ ನಡುವೆ ಅರ್ಧ ಇಂಚು ಮಡಚಿ, ಅದನ್ನೂ ಬಗಲಿನ ಕಡೆ ಸೊನ್ನೆ ಮಾಡಿದೆ. ಮೊದಲು ಅಸ್ತರಿನ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ಕಾಕುಗೆ ತೊಡಿಸಿ ನೋಡಿದ ಮೇಲೆಯೇ ಖಣಕ್ಕೆ ಕತ್ತರಿ ಹಚ್ಚಿದ್ದು.

ಜಂಪರ್ ತೆಗೆದುಕೊಳ್ಳಲು ಬಂದ ದಿನ ಅವರು ಕನ್ನಡಿ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕುರ್ಚಿಯ ಮೇಲೆ ಕೂತು, ಮುಂದೆ ಬಾಗಿ, ಲಾಳಿ ಎಸೆಯುವವರಂತೆ ಎರಡೂ ಕೈ ಆಡಿಸಿದರು. ನಾನು ಹಿಂದೆ ನಿಂತು ಅಂಚನ್ನೇ ನೋಡುತ್ತಿದ್ದೆ. ಅದು ಲಾಡಿ ಕಟ್ಟಿದ್ದ ಜಾಗದಲ್ಲೇ ಕೂತಿತ್ತು.

‘ಈಗ ಹಿಂದ ಕೈ ಹಾಕೂದು ತಪ್ಪಿತು’ ಅಂದರು.