ಸಂಬಳದ ಮಾತುಕತೆ: ನಿಮ್ಮ ಪರವಾಗಿ ಬರೆಯುವವರಿಗೆ ಕಾರಣ ಕೊಡಿ

ನಾನು ತಂತ್ರಾಂಶ ತಂಡವೊಂದನ್ನು ನೋಡಿಕೊಳ್ಳುತ್ತೇನೆ. ಅಭ್ಯರ್ಥಿಯ ಆಫರ್ ಹೆಚ್ಚಿಸಬೇಕೆಂಬ ಕೋರಿಕೆ ಬಂದಾಗ, ಹೆಚ್ಚಿಸುವುದು ಏಕೆ ಸರಿ ಎಂದು ಮೇಲಿನವರಿಗೆ ಬರೆದು ಕಳುಹಿಸುವುದು ನನ್ನ ಕೆಲಸ. ನಿಮ್ಮೊಂದಿಗೆ ಫೋನಿನಲ್ಲಿ ಮಾತನಾಡುವ ಎಚ್‌ಆರ್ ಸಿಬ್ಬಂದಿಗೆ ಮೊತ್ತ ಬದಲಿಸುವ ಅಧಿಕಾರ ಬಹಳ ಸಲ ಇರುವುದಿಲ್ಲ. ಅವರು ನನ್ನನ್ನು ಕೇಳುತ್ತಾರೆ, ನಾನು ವಿಭಾಗದ ಮುಖ್ಯಸ್ಥರನ್ನೂ ಹಣಕಾಸು ವಿಭಾಗವನ್ನೂ ಒಪ್ಪಿಸಬೇಕು. "ಇನ್ನೂ ಸ್ವಲ್ಪ ಹೆಚ್ಚು ಮಾಡಿ" ಎಂದಷ್ಟೇ ಅಭ್ಯರ್ಥಿ ಹೇಳಿದ್ದರೆ ಆ ಪತ್ರದಲ್ಲಿ ಬರೆಯಲು ನನಗೆ ಏನೂ ಸಿಗುವುದಿಲ್ಲ.

ಇತ್ತೀಚೆಗೆ ಎರಡು ವರ್ಷ ಅನುಭವವಿದ್ದ ಎಂಜಿನಿಯರ್ ಒಬ್ಬರು ಈ ಮಾತುಕತೆಯನ್ನು ಬಹಳ ಚೆನ್ನಾಗಿ ನಡೆಸಿದರು. ನಮ್ಮ ತಂಡದ ಹೊಸಬರಿಗಾಗಿ ಮಾಡಿದ ಈ ಸ್ಲೈಡ್‌ಗಳ ಉದಾಹರಣೆ ಅವರದೇ. ನಮ್ಮ ಮೊದಲ ಆಫರ್‌ನ ವಾರ್ಷಿಕ ಸ್ಥಿರ ವೇತನವನ್ನು 100 ಎಂದು ಇಟ್ಟುಕೊಂಡು, ಉಳಿದ ಅಂಕಿಗಳನ್ನು ಅದೇ ಅಳತೆಯಲ್ಲಿ ಕೊಟ್ಟಿದ್ದೇನೆ.

ಸ್ಲೈಡ್ 1: ಮೊದಲು ಶ್ರೇಣಿ ಕೇಳಿ

"ನಿಮ್ಮ ನಿರೀಕ್ಷೆ ಎಷ್ಟು?" ಎಂಬ ಪ್ರಶ್ನೆ ಮೊದಲ ಕರೆಯಲ್ಲೇ ಬರುತ್ತದೆ. ಪ್ರತಿ ಹುದ್ದೆಗೂ ಒಂದು ಹಂತ, ಪ್ರತಿ ಹಂತಕ್ಕೂ ಒಂದು ವೇತನ ಶ್ರೇಣಿ ಕಂಪನಿಯ ಬಳಿ ಮೊದಲೇ ಇರುತ್ತದೆ. ಅದು ತಿಳಿಯದೆ ನೀವು ಹೇಳುವ ಮೊತ್ತ ಶ್ರೇಣಿಯ ಕೆಳತುದಿಗಿಂತ ಸ್ವಲ್ಪವೇ ಮೇಲಿದ್ದರೆ, ಆಫರ್ ಅಲ್ಲಿಗೇ ಬಂದು ನಿಲ್ಲುತ್ತದೆ.

"ಈ ಹುದ್ದೆ ಯಾವ ಹಂತದ್ದು, ಅದಕ್ಕೆ ನೀವು ಇಟ್ಟಿರುವ ವೇತನ ಶ್ರೇಣಿ ಎಷ್ಟು ಎಂದು ತಿಳಿಸುತ್ತೀರಾ? ಅದನ್ನು ನೋಡಿ ನನ್ನ ನಿರೀಕ್ಷೆಯನ್ನು ಸ್ಪಷ್ಟವಾಗಿ ಹೇಳುತ್ತೇನೆ."

ಈಗಿನ ಸಂಬಳ ಎಷ್ಟು ಎಂದು ಒತ್ತಾಯಿಸಿದರೆ: "ಈ ಹುದ್ದೆಯ ಜವಾಬ್ದಾರಿಯ ಆಧಾರದ ಮೇಲೆ ಮಾತನಾಡಲು ಬಯಸುತ್ತೇನೆ." ಕ್ಯಾಲಿಫೋರ್ನಿಯಾದಂಥ ಕೆಲವು ಕಡೆ ಉದ್ಯೋಗದಾತರು ಹಳೆಯ ಸಂಬಳವನ್ನು ಕೇಳುವುದನ್ನು ಕಾನೂನೇ ತಡೆಯುತ್ತದೆ. ಬೇರೆ ಕಡೆ ಸಂಬಳದ ಚೀಟಿಯನ್ನೇ ಕೇಳಬಹುದು. ಹೇಳಲೇಬೇಕಾದರೆ ನಿಜವನ್ನೇ ಹೇಳಿ. ಸುಳ್ಳು ಮೊತ್ತ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಆಫರ್ ಅನ್ನೇ ಹಿಂದಕ್ಕೆ ಪಡೆಯುತ್ತಾರೆ.

ನಮ್ಮ ಅಭ್ಯರ್ಥಿಗೆ ಶ್ರೇಣಿ 90ರಿಂದ 110 ಎಂಬ ಉತ್ತರ ಸಿಕ್ಕಿತು. ಹಂತವೇ ತಪ್ಪಾಗಿದೆ ಎಂದು ನಿಮಗೆ ಅನ್ನಿಸಿದರೆ ಆ ಮಾತನ್ನೂ ಇಲ್ಲೇ ಎತ್ತಬೇಕು. ಸಂದರ್ಶನ ಮುಗಿದು ಆಫರ್ ಸಿದ್ಧವಾದ ಮೇಲೆ ಹಂತ ಬದಲಿಸುವುದು ಬಹಳ ಕಷ್ಟ.

ಸ್ಲೈಡ್ 2: ಫೋನಿನಲ್ಲೇ ಒಪ್ಪಬೇಡಿ

"ತುಂಬಾ ಧನ್ಯವಾದಗಳು, ಈ ತಂಡದ ಕೆಲಸ ನನಗೆ ಇಷ್ಟವಾಗಿದೆ. ಪೂರ್ತಿ ವಿವರವನ್ನು ಇಮೇಲ್‌ನಲ್ಲಿ ಕಳುಹಿಸಿ. ಗುರುವಾರ ಸಂಜೆಯೊಳಗೆ ಉತ್ತರಿಸುತ್ತೇನೆ."

ದಿನವನ್ನು ನೀವೇ ಹೇಳಿ, ಅದನ್ನು ತಪ್ಪಿಸಬೇಡಿ.

ಸ್ಲೈಡ್ 3: ಒಟ್ಟು ಮೊತ್ತವನ್ನು ಬಿಡಿಸಿ ನೋಡಿ

ನಮ್ಮ ಆಫರ್‌ನಲ್ಲಿ ಸ್ಥಿರ ವೇತನ 100, ಸಾಧನೆಗೆ ತಕ್ಕಂತೆ ಬರುವ ವೇರಿಯಬಲ್ ಪೇ 10, ಜಾಯ್ನಿಂಗ್ ಬೋನಸ್ 5 ಇತ್ತು. ಕಾಗದದ ಮೇಲೆ ಒಟ್ಟು 115. ಅಭ್ಯರ್ಥಿಯ ಕೈಯಲ್ಲಿದ್ದ ಇನ್ನೊಂದು ಆಫರ್‌ನಲ್ಲಿ ಸ್ಥಿರ ವೇತನ 108 ಮಾತ್ರ. ಮೇಲ್ನೋಟಕ್ಕೆ ನಮ್ಮದೇ ದೊಡ್ಡದು.

ಅವರು ಖಚಿತವಾಗಿ ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಿದ್ದರು. ವೇರಿಯಬಲ್ ಪೇ ಪೂರ್ತಿ ಬರುತ್ತದೆ ಎಂಬ ಖಾತರಿ ಇಲ್ಲ, ಜಾಯ್ನಿಂಗ್ ಬೋನಸ್ ಒಂದೇ ಸಲ. ಹಾಗಾಗಿ ನಮ್ಮಲ್ಲಿ ಮೊದಲ ವರ್ಷ ಖಚಿತವಾಗಿ ಸಿಗುವುದು 105, ಎರಡನೆಯ ವರ್ಷ 100. ಅಲ್ಲಿ ಎರಡೂ ವರ್ಷ 108.

ವಾರ್ಷಿಕ ಹೆಚ್ಚಳವನ್ನು ಸಾಮಾನ್ಯವಾಗಿ ಸ್ಥಿರ ವೇತನದ ಶೇಕಡಾವಾರಿನಲ್ಲಿ ಕೊಡುತ್ತಾರೆ. ಈಗ ಸ್ಥಿರ ವೇತನದಲ್ಲಿ 6 ಹೆಚ್ಚು ಪಡೆದರೆ, ವರ್ಷಕ್ಕೆ ಶೇ. 8ರ ಹೆಚ್ಚಳದಲ್ಲಿ ಎರಡು ವರ್ಷದ ಬಳಿಕ ಆ ಅಂತರ 7 ಆಗಿರುತ್ತದೆ ಮತ್ತು ಪ್ರತಿ ವರ್ಷ ಸಿಗುತ್ತಿರುತ್ತದೆ. ಬೋನಸ್‌ನ 6 ಒಮ್ಮೆ ಬಂದು ಮುಗಿಯುತ್ತದೆ. ಷೇರು ಕೊಟ್ಟರೆ ಎಷ್ಟು ವರ್ಷಗಳಲ್ಲಿ ಕೈಸೇರುತ್ತದೆ ಎಂದು ಕೇಳಿ. ನಾಲ್ಕು ವರ್ಷದ ಅವಧಿ, ಮೊದಲ ವರ್ಷ ಮುಗಿಯುವವರೆಗೆ ಏನೂ ಇಲ್ಲ ಎಂಬ ಷರತ್ತು ಸಾಮಾನ್ಯ.

ಸ್ಲೈಡ್ 4: ಒಂದೇ ಮೊತ್ತ, ಜೊತೆಗೆ ಕಾರಣ

"105ರಿಂದ 110ರ ನಡುವೆ" ಎಂದು ನೀವು ಹೇಳಿದರೆ ನಮ್ಮ ಟಿಪ್ಪಣಿಗೆ ಹೋಗುವುದು 105 ಮಾತ್ರ. ಬಾಡಿಗೆ, ಸಾಲ, ಮನೆಯ ಖರ್ಚು ನಿಮ್ಮ ಮಟ್ಟಿಗೆ ನಿಜವಾದ ಕಾರಣಗಳೇ. ಆದರೆ ಅನುಮೋದನೆ ಕೊಡುವವರು ಅವನ್ನು ತೂಗಿ ನೋಡಲಾರರು. ಅವರು ತೂಗುವುದು ಮಾರುಕಟ್ಟೆಯ ದರ ಮತ್ತು ಈ ಹುದ್ದೆಗೆ ನೇರವಾಗಿ ಬೇಕಾದ ಅನುಭವ, ಇವೆರಡನ್ನೇ. ಅಭ್ಯರ್ಥಿ ಬರೆದದ್ದು ಹೀಗಿತ್ತು:

"ನಿಮ್ಮ ತಂಡಕ್ಕೇ ಸೇರಲು ಬಯಸುತ್ತೇನೆ. ನನ್ನ ಬಳಿ ಸ್ಥಿರ ವೇತನ 108 ಇರುವ ಇನ್ನೊಂದು ಲಿಖಿತ ಆಫರ್ ಇದೆ. ನೀವು ಈ ವರ್ಷ ಮಾಡಲಿರುವ ಡೇಟಾಬೇಸ್ ಸ್ಥಳಾಂತರವನ್ನು ನಾನು ಹಿಂದಿನ ಕೆಲಸದಲ್ಲಿ ಸೇವೆ ನಿಲ್ಲಿಸದೆ ಮಾಡಿದ್ದೇನೆ. ಸ್ಥಿರ ವೇತನ 110 ಆದರೆ ಇಂದೇ ಒಪ್ಪಿಗೆ ಕೊಡುತ್ತೇನೆ."

ಈ ನಾಲ್ಕು ವಾಕ್ಯಗಳನ್ನು ನಾನು ಬಹುತೇಕ ಹಾಗೆಯೇ ಅನುಮೋದನೆಯ ಪತ್ರಕ್ಕೆ ಹಾಕಿದೆ. ಕೊನೆಯ ವಾಕ್ಯದ ಬಲ ವಿಶೇಷ. ಹೆಚ್ಚಿಸಿದ ಮೇಲೂ ಅಭ್ಯರ್ಥಿ ಬಾರದೇ ಹೋದಾರು ಎಂಬುದೇ ಹಣಕಾಸು ವಿಭಾಗದ ದೊಡ್ಡ ಅನುಮಾನ. ಆ ಮಾತು ನಿಜವಾಗಿದ್ದರೆ ಮಾತ್ರ ಬರೆಯಿರಿ. ಇಲ್ಲದ ಆಫರ್ ಇದೆ ಎನ್ನಲೇಬೇಡಿ, ಪತ್ರ ತೋರಿಸಿ ಎಂದು ನಾವು ಕೇಳುವುದುಂಟು.

ಇನ್ನೊಂದು ಆಫರ್ ಇಲ್ಲದಿದ್ದರೆ ಶ್ರೇಣಿಯನ್ನೇ ಆಧಾರ ಮಾಡಿಕೊಳ್ಳಿ: "ನೀವು ಹೇಳಿದ ಶ್ರೇಣಿಯ ನಡುವಿಗೆ ಈ ಆಫರ್ ಇದೆ. ಹುದ್ದೆಯ ವಿವರದಲ್ಲಿರುವ ಮುಖ್ಯ ಕೆಲಸಗಳನ್ನು ನಾನು ಈಗಾಗಲೇ ಮಾಡುತ್ತಿರುವುದರಿಂದ 106 ಕೇಳುತ್ತಿದ್ದೇನೆ."

ಕಾಲೇಜಿನಿಂದ ಗುಂಪಾಗಿ ಆಯ್ಕೆಯಾದವರಿಗೆ ಇದು ಹೆಚ್ಚಾಗಿ ನಡೆಯದು. ಅಲ್ಲಿ ಎಲ್ಲರಿಗೂ ಒಂದೇ ವೇತನ ನಿಗದಿಯಾಗಿರುತ್ತದೆ. ಸೇರುವ ದಿನಾಂಕ ಅಥವಾ ತಂಡದ ಬಗ್ಗೆ ಕೇಳಬಹುದು.

ಸ್ಲೈಡ್ 5: ಇಲ್ಲ ಎಂದರೆ ಬೇರೆ ಬಾಗಿಲು

110 ಆಗಲಿಲ್ಲ. ಅದೇ ಹಂತದಲ್ಲಿ ತಂಡದಲ್ಲಿ ಆಗಲೇ ಇದ್ದವರ ವೇತನ 104ರ ಆಸುಪಾಸಿನಲ್ಲಿತ್ತು. ಹೊಸಬರನ್ನು ಅವರಿಗಿಂತ ಬಹಳ ಮೇಲೆ ಕೂರಿಸಲು ಯಾರೂ ಒಪ್ಪುವುದಿಲ್ಲ. 106ರವರೆಗೆ ಅನುಮತಿ ಸಿಕ್ಕಿತು. ಒಂದೇ ಸಲ ಕೊಡುವ ಬೋನಸ್‌ಗೆ ಈ ಹೋಲಿಕೆಯ ತೊಡಕು ಅಷ್ಟಾಗಿ ಇರುವುದಿಲ್ಲ. ಹಾಗಾಗಿ ಈ ಮಾತು ಫಲಿಸಿತು:

"ಸ್ಥಿರ ವೇತನ 106ಕ್ಕಿಂತ ಮೇಲೆ ಸಾಧ್ಯವಿಲ್ಲ ಎಂಬುದು ಅರ್ಥವಾಯಿತು. ಉಳಿದ ಅಂತರವನ್ನು ಜಾಯ್ನಿಂಗ್ ಬೋನಸ್‌ನಲ್ಲಿ ತುಂಬಬಹುದೇ? ಅದು 10 ಆದರೆ ನಾನು ಒಪ್ಪುತ್ತೇನೆ."

ಬೋನಸ್ 5ರಿಂದ 10ಕ್ಕೆ ಏರಿತು. ಮೊದಲ ವರ್ಷ ಖಚಿತವಾಗಿ ಸಿಗುವ ಮೊತ್ತ 105ರಿಂದ 116 ಆಯಿತು.

ಇನ್ನೂ ಜಾಗ ಇದೆಯೇ ಎಂದು ತಿಳಿಯಲು ಅವರ ಮಾತನ್ನು ಗಮನಿಸಿ. "ಎಷ್ಟಾದರೆ ಸಹಿ ಹಾಕುತ್ತೀರಿ?" ಎಂದು ಕೇಳಿದರೆ ಜಾಗ ಇದೆ. "ಈ ಹಂತಕ್ಕೆ ಇದೇ ಗರಿಷ್ಠ, ಕೇಳಿ ನೋಡಿಯಾಯಿತು" ಎಂದರೆ ಸ್ಥಿರ ವೇತನದ ಮಾತನ್ನು ಅಲ್ಲಿಗೇ ಬಿಡಿ. ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಕೇಳಬೇಡಿ. ಹಾಗೆ ಮಾಡಿದವರ ಪರವಾಗಿ ಎರಡನೆಯ ಪತ್ರ ಬರೆಯಲು ನನಗೆ ಮನಸ್ಸಾಗುವುದಿಲ್ಲ.

ಸ್ಲೈಡ್ 6: ರಾಜೀನಾಮೆಗೆ ಮೊದಲು ಹೊಸ ಪತ್ರ

"ಮಾತನಾಡಿಕೊಂಡಂತೆ ಸ್ಥಿರ ವೇತನ 106, ಜಾಯ್ನಿಂಗ್ ಬೋನಸ್ 10 ಎಂದು ತಿದ್ದಿದ ಆಫರ್ ಪತ್ರವನ್ನು ಕಳುಹಿಸಿ. ಬೋನಸ್ ಯಾವ ತಿಂಗಳ ಸಂಬಳದೊಂದಿಗೆ ಬರುತ್ತದೆ, ಎಷ್ಟು ತಿಂಗಳೊಳಗೆ ಕೆಲಸ ಬಿಟ್ಟರೆ ಹಿಂದಿರುಗಿಸಬೇಕು ಎಂಬುದೂ ಅದರಲ್ಲಿರಲಿ. ಪತ್ರ ಕೈಸೇರಿದ ದಿನವೇ ಸಹಿ ಹಾಕಿ, ಇಲ್ಲಿ ರಾಜೀನಾಮೆ ಕೊಡುತ್ತೇನೆ."