ಟಿ1ನಲ್ಲಿ ಉಳಿಸಿದ್ದು ಅರ್ಧ ನಿಮಿಷ, ಪೆನಾಲ್ಟಿ ಟೆಂಟಲ್ಲಿ ಕಳ್ಕೊಂಡಿದ್ದು 5

ಟ್ರಯತ್ಲಾನ್ ಕೋಚಿಂಗೇ ನನ್ನ ಕೆಲಸ. ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಬರೀತಿದೀನಿ, ಯಾಕಂದ್ರೆ ಪೆನಾಲ್ಟಿ ಸಿಕ್ಕಿದ್ದು ಹುಡುಗನಿಗಾದ್ರೂ ಅವನಿಗೆ ಆ ಅಭ್ಯಾಸ ಹಚ್ಚಿದ್ದು ನಾನು.

ಅವನು ಮೂರು ಸೀಸನ್ ಡ್ರಾಫ್ಟ್ ಲೀಗಲ್ ಸ್ಪ್ರಿಂಟ್ ರೇಸ್ ಮಾಡ್ದೋನು, 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಅಲ್ಲಿ ಇನ್ನೊಬ್ಬರ ಚಕ್ರದ ಹಿಂದೆ ಅಂಟ್ಕೊಂಡು ಹೋಗ್ಬಹುದು, ಹಾಗಾಗಿ ಟಿ1, ಅಂದ್ರೆ ಈಜು ಮುಗಿಸಿ ಸೈಕಲ್‌ಗೆ ಬದಲಾಗೋ ಹಂತವೇ ಪ್ರಾಣ. ನೀರಿಂದ ಬಂದು ಸೈಕಲ್ ಹತ್ತೋದ್ರಲ್ಲಿ 5 ಸೆಕೆಂಡ್ ತಡ ಆದ್ರೆ 40ರ ಸ್ಪೀಡಲ್ಲಿ ಹೋಗ್ತಿರೋ ಗುಂಪು 55 ಮೀಟರ್ ಮುಂದೆ ಇರತ್ತೆ. ಅವರು ಸರದಿ ಮೇಲೆ ಗಾಳಿ ಸೀಳ್ತಿರ್ತಾರೆ, ನೀನು ಒಬ್ಬನೇ ಸೀಳ್ಬೇಕು, ಆ 55 ಮೀಟರ್ ಮುಚ್ಚೋದು ತುಂಬಾ ಕಷ್ಟ. ಅದಕ್ಕೆ ಸಾಕ್ಸ್ ಬೇಡ, ಶೂ ಪೆಡಲ್‌ಗೇ ಸಿಕ್ಕಿಸಿ ರಬ್ಬರ್ ಬ್ಯಾಂಡ್ ಹಾಕಿಡು, ಮೌಂಟ್ ಲೈನ್ ದಾಟಿದ ತಕ್ಷಣ ಓಡ್ತಾನೇ ಹಾರಿ ಕೂರು, ಕಾಲು ಶೂ ಒಳಗೆ ಹಾಕೋದು ಗುಂಪು ಸಿಕ್ಕಿದ್ಮೇಲೆ. ಹೆಲ್ಮೆಟ್ ಬಕಲ್ ಒಂದು ಮಾತ್ರ ಸೈಕಲ್ ಮುಟ್ಟೋಕೆ ಮುಂಚೆನೇ ಹಾಕ್ಲೇಬೇಕು, ಅದು ಯಾವ ದೂರದ ರೇಸಾದ್ರೂ ಅಷ್ಟೇ.

ಆಮೇಲೆ ಅವನು ಮಿಡಲ್ ಡಿಸ್ಟನ್ಸ್‌ಗೆ ಬಂದ. ಸೈಕಲ್ಲೇ 90 ಕಿಲೋಮೀಟರ್, ಡ್ರಾಫ್ಟಿಂಗ್ ನಿಷೇಧ. ರೂಲ್ ಹೇಳ್ಕೊಟ್ಟಿದ್ದೆ, ಮುಂದಿನವರ ಮುಂಚಕ್ರದಿಂದ ಹಿಂದಕ್ಕೆ 12 ಮೀಟರ್ ಅವರ ಜಾಗ, ಒಳಗೆ ಹೋದ್ರೆ 25 ಸೆಕೆಂಡಲ್ಲಿ ದಾಟಿ ಮುಂದೆ ಹೋಗ್ಬೇಕು ಅಂತ. ರೂಲ್ ಬದ್ಲಾದ್ರೆ ಟಿ1ದೂ ಲೆಕ್ಕ ಬದ್ಲಾಗತ್ತೆ ಅನ್ನೋದು ಮಾತ್ರ ನನ್ನ ತಲೆಗೇ ಬಂದಿರ್ಲಿಲ್ಲ. ಅವನು ಸ್ಪ್ರಿಂಟ್ ಥರಾನೇ ಟಿ1 ಮುಗಿಸ್ದ, ಅರ್ಧ ನಿಮಿಷ ಉಳಿಸಿರಬಹುದು, ಜೊತೆಗೆ ಈಜು ಮುಗಿಸ್ದೋರ ಗುಂಪಿನ ಮಧ್ಯೆನೇ ರಸ್ತೆಗೆ ಬಿದ್ದ. ಹಿಡಿಯೋಕೆ ಗುಂಪೇ ಇಲ್ಲದ ರೇಸಲ್ಲಿ ಗುಂಪು ಹಿಡಿದ!

ಕಾರ್ಡ್ ಬಿದ್ದಿದ್ದು ಒಂದು ಏರಿನಲ್ಲಿ. "ಸರ್, ನಾನು ಯಾರ ಹಿಂದೆನೂ ಕೂತಿಲ್ಲ, 14 ಮೀಟರ್ ಬಿಟ್ಕೊಂಡೇ ಇದ್ದೆ" ಅಂತ ಅಳುಮುಖ ಮಾಡ್ಕೊಂಡ. ಸಮತಟ್ಟಾದ ರಸ್ತೇಲಿ ನಿಜಾನೇ ಹೇಳ್ತಿದ್ದ. 36ರ ಸ್ಪೀಡಲ್ಲಿ 14 ಮೀಟರ್ ಅಂದ್ರೆ 1.4 ಸೆಕೆಂಡ್ ಅಂತರ. ಏರು ಶುರುವಾಗಿ ಇಬ್ರೂ 15ಕ್ಕೆ ಇಳಿದ್ರೆ ಅದೇ 1.4 ಸೆಕೆಂಡ್ ಈಗ 6 ಮೀಟರ್‌ಗಿಂತ ಕಮ್ಮಿ. ಮುಂದಿನವನು ಮೊದಲು ಸ್ಲೋ ಆಗ್ತಾನೆ, ನೀನು ಏನೂ ಮಾಡ್ದೇನೇ ಅವನ ಜಾಗದಲ್ಲಿರ್ತೀಯ. ಇವನು ಮೇಲೆ ಹೋದ್ಮೇಲೆ ಗ್ಯಾಪ್ ತಾನಾಗೇ ಆಗತ್ತೆ ಬಿಡು ಅಂತ ಸುಮ್ನಿದ್ದ, ಬೈಕಲ್ಲಿ ಹಿಂದೆ ಬರ್ತಿದ್ದ ರೆಫ್ರಿ ಸುಮ್ನಿರ್ಲಿಲ್ಲ. ನೀಲಿ ಕಾರ್ಡ್, ಮುಂದಿನ ಪೆನಾಲ್ಟಿ ಟೆಂಟಲ್ಲಿ 5 ನಿಮಿಷ.

ಓವರ್‌ಟೇಕ್‌ದೂ ಹಾಗೇ ಒಂದು ಲೆಕ್ಕ ಇದೆ, ಇದನ್ನ ನಾನು ಆಮೇಲೆ ಕೂತು ಮಾಡಿದ್ದು (ಮೊದಲೇ ಮಾಡ್ಬೇಕಿತ್ತು). ಮುಂದಿನವನಿಗಿಂತ ನೀನು ಗಂಟೆಗೆ 2 ಕಿಲೋಮೀಟರ್ ಜಾಸ್ತಿ ಸ್ಪೀಡಲ್ಲಿದ್ರೆ 12 ಮೀಟರ್ ದಾಟೋಕೆ ಸುಮಾರು 22 ಸೆಕೆಂಡ್ ಬೇಕು, ಕೂದಲೆಳೆಯಲ್ಲಿ ಪಾಸ್. ಬರೀ 1 ಕಿಲೋಮೀಟರ್ ಜಾಸ್ತಿ ಇದ್ರೆ 43 ಸೆಕೆಂಡ್, ಕಾರ್ಡ್ ಗ್ಯಾರಂಟಿ. ಒಳಗೆ ಹೋಗಿ ಆಗಲ್ಲ ಅಂತ ವಾಪಸ್ ಹಿಂದೆ ಬರೋಕೂ ಇಲ್ಲ. ಅಂದ್ರೆ ದಾಟೋ ನಿರ್ಧಾರ ಹೊರಗಿರೋವಾಗ್ಲೇ ಆಗ್ಬೇಕು. ಇನ್ನು ನಿನ್ನನ್ನ ಯಾರಾದ್ರೂ ದಾಟಿದ್ರೆ, ಅವರ ಮುಂಚಕ್ರ ನಿನ್ನ ಮುಂಚಕ್ರ ದಾಟಿದ ಕ್ಷಣದಿಂದ ಹಿಂದೆ ಸರಿಯೋ ಜವಾಬ್ದಾರಿ ನಿಂದು. ಸ್ಪ್ರಿಂಟ್ ಹುಡುಗರಿಗೆ ಇದು ನುಂಗಲಾರದ ತುತ್ತು, ಯಾರಾದ್ರೂ ದಾಟಿದ್ರೆ ಈ ಹುಡುಗರ ಕಾಲು ತಾನಾಗೇ ಜೋರು ತುಳಿಯತ್ತೆ.

ಈಗ ಪ್ರಾಕ್ಟೀಸಲ್ಲಿ 12 ಮೀಟರ್‌ಗೆ ಎರಡು ಕೋನ್ ಇಟ್ಟು ಕಣ್ಣಿಗೆ ಅಭ್ಯಾಸ ಮಾಡಿಸ್ತೀನಿ, ಬರೀ ಕಣ್ಣಂದಾಜಲ್ಲಿ ಬಿಟ್ರೆ ಹೆಚ್ಚಿನೋರು 7-8 ಮೀಟರ್‌ನೇ 12 ಅಂತಾರೆ. ಏರು ಬರೋಕೆ ಮುಂಚೆ ಇನ್ನೂ ಹಿಂದೆ ಸರಿ, ಇಲ್ಲಾ ಬುಡದಲ್ಲೇ ಗಟ್ಟಿಯಾಗಿ ದಾಟಿ ಹೋಗು ಅಂತೀನಿ.

ಟಿ1ನಲ್ಲಿ ಕೂತ್ಕೊಂಡು ಸಾಕ್ಸ್ ಹಾಕ್ಕೋ ಅಂತಾನೂ ಹೇಳ್ತೀನಿ, ಆಮೇಲೆ 21 ಕಿಲೋಮೀಟರ್ ಓಡ್ಬೇಕಲ್ಲ, ಬೊಬ್ಬೆ ಬಂದ್ರೆ ಹೋಗೋದು 20 ಸೆಕೆಂಡಲ್ಲ. ಎಲ್ಲಾ ಸ್ಪ್ರಿಂಟೂ ಡ್ರಾಫ್ಟ್ ಲೀಗಲ್ ಅಲ್ಲ ಅನ್ನೋದೂ ನೆನಪಿರಲಿ, ಡ್ರಾಫ್ಟ್ ನಿಷೇಧ ಇರೋ ಸ್ಪ್ರಿಂಟಲ್ಲಿ ವರ್ಲ್ಡ್ ಟ್ರಯತ್ಲಾನ್ ರೂಲ್ ಪ್ರಕಾರ 10 ಮೀಟರ್, 20 ಸೆಕೆಂಡ್. ರೇಸ್ ಬ್ರೀಫಿಂಗಲ್ಲಿ ಕೇಳಿಕೊಂಡೇ ಟಿ1 ಪ್ಲಾನ್ ಮಾಡಿ.

ಮುಂದಿನ ರೇಸಲ್ಲಿ ಹುಡುಗನಿಗೆ ಒಂದು ಕಾರ್ಡೂ ಬೀಳ್ಲಿಲ್ಲ. ಆದ್ರೂ ಸಾಕ್ಸ್ ಹಾಕೋವಾಗ ಎಷ್ಟು ಜನ ದಾಟಿ ಹೋದ್ರು ಗೊತ್ತಾ ಸರ್ ಅಂತ ಇವತ್ತಿಗೂ ಗೊಣಗ್ತಾನೆ.